ಪೆಟ್ರೋಲಿಗೇ ಆಯಿಲ್ ಬೆರೆಸುವ ಹಳೆಯ ಟೂ ಸ್ಟ್ರೋಕ್: ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಇಳಿಯುತ್ತಿಲ್ಲ

ಮೂರನೇಗೇರು

ನನ್ನ ಬಳಿ 250 ಸಿಸಿಯ, ಗಾಳಿಯಿಂದ ತಣಿಯುವ, ಒಂದೇ ಸಿಲಿಂಡರಿನ ಹಳೆಯ ಟೂ ಸ್ಟ್ರೋಕ್ ಬೈಕು ಇದೆ. ಇದಕ್ಕೆ ಪ್ರತ್ಯೇಕ ಆಯಿಲ್ ಪಂಪ್ ಇಲ್ಲದ ಕಾರಣ ಪೆಟ್ರೋಲಿಗೇ ಆಯಿಲ್ ಬೆರೆಸಿ ಟ್ಯಾಂಕಿಗೆ ಹಾಕಬೇಕು. ಹಲವು ವರ್ಷ ಓಡಿಸದೆ ನಿಲ್ಲಿಸಿದ್ದ ಗಾಡಿಯನ್ನು ಈಗ ಮತ್ತೆ ಎಬ್ಬಿಸಿದ್ದೇನೆ. ಟ್ಯಾಂಕ್ ತೊಳೆದಿದ್ದೇನೆ, ಕಾರ್ಬ್ಯುರೇಟರ್ ಬಿಚ್ಚಿ ಶುಚಿ ಮಾಡಿದ್ದೇನೆ, ಹೊಸ ಪ್ಲಗ್ ಹಾಕಿದ್ದೇನೆ. ಕೈಪಿಡಿ ಹೇಳುವ 1:25 ಪ್ರಮಾಣದಲ್ಲಿ, ಅಂದರೆ ಲೀಟರಿಗೆ 40 ಮಿ.ಲೀ. ಆಯಿಲ್ ಬೆರೆಸಿದ್ದೇನೆ.

ಕಿಕ್ ಹೊಡೆದರೆ ಸುಲಭವಾಗಿ ಸ್ಟಾರ್ಟ್ ಆಗುತ್ತದೆ. ಆದರೆ ಎಂಜಿನ್ ಚೆನ್ನಾಗಿ ಕಾದ ನಂತರ ಆಕ್ಸಿಲರೇಟರ್ ಬಿಟ್ಟರೂ ಅದರ ವೇಗ ಕೂಡಲೇ ಇಳಿಯುವುದಿಲ್ಲ. ಸ್ವಲ್ಪ ಹೊತ್ತು ಮೇಲೆಯೇ ನಿಂತು ಆಮೇಲೆ ನಿಧಾನವಾಗಿ ಕೆಳಗೆ ಬರುತ್ತದೆ. ಕೇಬಲ್ ಸಿಕ್ಕಿಕೊಂಡಿಲ್ಲ, ಸ್ಲೈಡ್ ಸರಾಗವಾಗಿ ಕೆಳಗೆ ಕೂರುತ್ತದೆ. ಪ್ಲಗ್ ತೆಗೆದು ನೋಡಿದರೆ ಸುಣ್ಣ ಬಳಿದಂತೆ ಬಿಳಿ. ಒಬ್ಬ ಮೆಕ್ಯಾನಿಕ್ ಆಯಿಲ್ ಹೆಚ್ಚಿಸಿ ಎನ್ನುತ್ತಾರೆ, ಒಬ್ಬ ಸ್ನೇಹಿತ ಮೇನ್ ಜೆಟ್ ದೊಡ್ಡದು ಮಾಡು ಎನ್ನುತ್ತಾನೆ. ಯಾರ ಮಾತು ಕೇಳಲಿ? ಜೊತೆಗೆ ಇನ್ನೊಂದು ಕುತೂಹಲ: ಇಷ್ಟು ಕಡಿಮೆ ಭಾಗಗಳಿರುವ, ಇಷ್ಟು ಸರಳವಾದ ಎಂಜಿನ್ ರಸ್ತೆಯಿಂದ ಮಾಯವಾದದ್ದು ಹೊಗೆಯ ಕಾರಣಕ್ಕೆ ಮಾತ್ರವೇ?

ನೀಲಿಹೊಗೆ

ಮೆಕ್ಯಾನಿಕ್ ಹೇಳಿದ್ದೇ ಸರಿ. ಎಂಜಿನ್ ಬಿಸಿಯಾಗುತ್ತಿದೆ ಎಂದರೆ ಆಯಿಲ್ ಸಾಲುತ್ತಿಲ್ಲ ಎಂದರ್ಥ. ನಾನು ಯಾವಾಗಲೂ 1:16ಕ್ಕೇ ಬೆರೆಸುತ್ತೇನೆ. ಹೊಗೆ ಬಂದರೆ ಬರಲಿ, ಪಿಸ್ಟನ್ ಉಳಿಯುತ್ತದೆ.

ಬೋರ್‌ಗೇಜ್

ನೀಲಿಹೊಗೆ ಅವರೇ, ನಿಮ್ಮ ಸಲಹೆ ಈ ತೊಂದರೆಗೆ ಹೊಂದುವುದಿಲ್ಲ. ಜೆಟ್‌ನ ತೂತು ಒಂದೇ ಅಳತೆಯದು. ಅದರ ಮೂಲಕ ಹಾಯುವ ದ್ರವದಲ್ಲಿ ಆಯಿಲ್ ಹೆಚ್ಚಾದಷ್ಟೂ ಪೆಟ್ರೋಲ್ ಕಡಿಮೆಯಾಗುತ್ತದೆ. 1:25ರಲ್ಲಿ ಒಂದು ಲೀಟರ್ ಮಿಶ್ರಣದೊಳಗೆ ಸುಮಾರು 962 ಮಿ.ಲೀ. ಪೆಟ್ರೋಲ್ ಇದ್ದರೆ 1:16ರಲ್ಲಿ ಇರುವುದು ಸುಮಾರು 941 ಮಿ.ಲೀ. ವ್ಯತ್ಯಾಸ ಚಿಕ್ಕದೇ, ಆದರೆ ಹೋಗುತ್ತಿರುವ ದಿಕ್ಕು ತಪ್ಪು. ಈಗಾಗಲೇ ಪೆಟ್ರೋಲ್ ಸಾಲದೆ ಬಿಳಿಯಾಗಿರುವ ಪ್ಲಗ್ಗಿಗೆ ಇನ್ನಷ್ಟು ಕಡಿಮೆ ಪೆಟ್ರೋಲ್ ಕೊಟ್ಟಂತಾಗುತ್ತದೆ.

ಮೂರನೇಗೇರು ಅವರೇ, ನೀವು ವಿವರಿಸಿದ ಲಕ್ಷಣ ಕಂಡರೆ ನಾನು ಮೊದಲು ಅನುಮಾನಿಸುವುದು ಎಲ್ಲಿಂದಲೋ ಒಳನುಗ್ಗುತ್ತಿರುವ ಗಾಳಿಯನ್ನು. ಫೋರ್ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್‌ಕೇಸ್ ಬರೀ ಒಂದು ಪೆಟ್ಟಿಗೆ, ಆದರೆ ನಿಮ್ಮ ಎಂಜಿನ್ನಿನಲ್ಲಿ ಅದೇ ಪಂಪು. ಪಿಸ್ಟನ್ ಮೇಲೆ ಹೋಗುವಾಗ ಕೆಳಗೆ ನಿರ್ವಾತ ಉಂಟಾಗಿ ಕಾರ್ಬ್ಯುರೇಟರಿನಿಂದ ಮಿಶ್ರಣವನ್ನು ಎಳೆಯುತ್ತದೆ, ಕೆಳಗಿಳಿಯುವಾಗ ಅದನ್ನೇ ಒತ್ತಿ ಸಿಲಿಂಡರಿನೊಳಕ್ಕೆ ಕಳುಹಿಸುತ್ತದೆ. ಕಾರ್ಬ್ಯುರೇಟರನ್ನು ದಾಟದೆ ಬೇರೆ ಸಂದಿಯಿಂದ ಒಳಬಂದ ಗಾಳಿಯಲ್ಲಿ ಪೆಟ್ರೋಲೂ ಇರುವುದಿಲ್ಲ, ಆಯಿಲ್ಲೂ ಇರುವುದಿಲ್ಲ. ಈ ಎರಡನೆಯದು ಹೆಚ್ಚು ಅಪಾಯಕರ.

ಸಂದಿ ಇರಬಹುದಾದ ಜಾಗಗಳು ಕೆಲವೇ. ಕಾರ್ಬ್ಯುರೇಟರ್ ಕೂರುವ ಜಾಗದ ಗ್ಯಾಸ್ಕೆಟ್, ಸಿಲಿಂಡರಿನ ಬುಡದ ಗ್ಯಾಸ್ಕೆಟ್, ಆಮೇಲೆ ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲುಗಳು. ಗೇರ್‌ಬಾಕ್ಸ್ ಕಡೆಯ ಸೀಲ್ ಸೋತಿದ್ದರೆ ಎಂಜಿನ್ ಗೇರ್ ಆಯಿಲನ್ನೇ ಕುಡಿಯುತ್ತದೆ. ಆಗ ದಟ್ಟ ಬಿಳಿ ಹೊಗೆ ಬರುತ್ತದೆ, ಪ್ಲಗ್ ಕಪ್ಪಾಗಿ ಒದ್ದೆಯಾಗಿರುತ್ತದೆ, ಗೇರ್ ಆಯಿಲಿನ ಮಟ್ಟ ಇಳಿಯುತ್ತಾ ಹೋಗುತ್ತದೆ. ಮ್ಯಾಗ್ನೆಟ್ ಕಡೆಯ ಸೀಲ್ ಸೋತಿದ್ದರೆ ಒಣಗಾಳಿ ಒಳಬರುತ್ತದೆ, ಪ್ಲಗ್ ಬಿಳಿಯಾಗುತ್ತದೆ. ನಿಮ್ಮದು ಯಾವುದು ಎಂದು ನೀವೇ ಊಹಿಸಬಹುದು. ಪತ್ತೆಯಾಗುವವರೆಗೆ ಗಾಡಿಯನ್ನು ಜೋರಾಗಿ ಓಡಿಸಬೇಡಿ.

ಕಿಕ್‌ಸ್ಟ್ಯಾಂಡ್

ನನ್ನ ಸ್ಕೂಟರಿನಲ್ಲೂ ಇದೇ ತೊಂದರೆ ಇದೆ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಹೊಗೆಯೋ ಹೊಗೆ. ಸೀಟಿನ ಕೆಳಗೆ ಆಯಿಲ್ ಟ್ಯಾಂಕ್ ಇದೆ. ಧೈರ್ಯಕ್ಕಿರಲಿ ಎಂದು ಪೆಟ್ರೋಲಿಗೂ ಸ್ವಲ್ಪ ಆಯಿಲ್ ಬೆರೆಸುತ್ತೇನೆ. ನಾನೂ ಸೀಲ್ ಬದಲಾಯಿಸಬೇಕೇ?

ಬೋರ್‌ಗೇಜ್

ನಿಮ್ಮದು ಬೇರೆಯೇ ವಿಷಯ. ನಿಮ್ಮ ಗಾಡಿಯಲ್ಲಿ ಪಂಪ್ ಆಕ್ಸಿಲರೇಟರಿಗೆ ತಕ್ಕಂತೆ ಆಯಿಲ್ ಕೊಡುತ್ತಿದೆ, ಅದರ ಮೇಲೆ ನೀವು ಪೆಟ್ರೋಲಿನಲ್ಲೂ ಕೊಡುತ್ತಿದ್ದೀರಿ. ಪಂಪ್ ಸರಿಯಿದೆ ಎಂದು ಖಾತ್ರಿಯಿದ್ದರೆ ಬೆರೆಸುವುದನ್ನು ನಿಲ್ಲಿಸಿ, ಖಾತ್ರಿಯಿಲ್ಲದಿದ್ದರೆ ಮೊದಲು ಪಂಪನ್ನು ಪರೀಕ್ಷಿಸಿ. ಅದು ಮುಗಿದ ಮೇಲೂ ಹೊಗೆ ಉಳಿದರೆ ಸೀಲಿನ ಮಾತು.

ಜೆಟ್‌ಪ್ರಿಯ

ಎಲ್ಲದಕ್ಕೂ ಎಂಜಿನ್ ಬಿಚ್ಚಿಸುವುದು ಸರಿಯಲ್ಲ. ನನ್ನ ಗಾಡಿಯಲ್ಲಿ ಪ್ಲಗ್ ಬಿಳಿಯಾದಾಗ ಮೇನ್ ಜೆಟ್ ಒಂದು ಸೈಜ್ ಏರಿಸಿದೆ, ಪ್ಲಗ್ ಕಂದು ಬಣ್ಣಕ್ಕೆ ತಿರುಗಿತು, ಇಂದಿಗೂ ಓಡುತ್ತಿದೆ. ಜೆಟ್ ಬದಲಿಸುವುದು ಅರ್ಧ ಗಂಟೆಯ ಕೆಲಸ. ಸರಿಹೋಗದಿದ್ದರೆ ಆಮೇಲೆ ಸೀಲ್ ನೋಡಿಕೊಳ್ಳಲಿ.

ಬೋರ್‌ಗೇಜ್

ಮೇನ್ ಜೆಟ್ ನಿಜವಾಗಿ ಅಧಿಕಾರ ನಡೆಸುವುದು ಆಕ್ಸಿಲರೇಟರನ್ನು ಮುಕ್ಕಾಲಿಗಿಂತ ಹೆಚ್ಚು ತಿರುವಿದಾಗ. ಇವರ ದೂರು ಇರುವುದು ಆಕ್ಸಿಲರೇಟರ್ ಮುಚ್ಚಿದಾಗ. ಕಾರ್ಬ್ಯುರೇಟರಿನಿಂದ ಬರುವ ಗಾಳಿಯೇ ಕಡಿಮೆ ಇರುವ ಆ ಹೊತ್ತಿನಲ್ಲಿ ಸಂದಿಯಿಂದ ನುಗ್ಗುವ ಗಾಳಿಯ ಪಾಲು ದೊಡ್ಡದಾಗುತ್ತದೆ, ಅದಕ್ಕೇ ಲಕ್ಷಣ ಅಲ್ಲಿ ಎದ್ದು ಕಾಣುತ್ತದೆ. ಸೀಲಿನ ದೋಷವನ್ನು ಜೆಟ್ಟಿನಿಂದ ಮುಚ್ಚಿದರೆ ಸೀಲ್ ಇನ್ನಷ್ಟು ಸವೆದ ದಿನ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಮೂರನೇಗೇರು ಅವರೇ, ಈಗ ಕಾರ್ಬ್ಯುರೇಟರಿನಲ್ಲಿರುವ ಮೇನ್ ಜೆಟ್ಟಿನ ಮೇಲೆ ಯಾವ ಸಂಖ್ಯೆ ಒತ್ತಿದೆ, ಕೈಪಿಡಿಯಲ್ಲಿ ಯಾವುದು ಇರಬೇಕೆಂದಿದೆ ಎಂದೂ ನೋಡಿ ತಿಳಿಸಿ.

ಮೂರನೇಗೇರು

ಒತ್ತಡ ಪರೀಕ್ಷೆ ಮಾಡಿಸಿದೆ. ಕಾರ್ಬ್ಯುರೇಟರ್ ತೆಗೆದು ಆ ಜಾಗಕ್ಕೆ ರಬ್ಬರ್ ಹಾಳೆ ಮತ್ತು ಲೋಹದ ಪಟ್ಟಿ ಬಿಗಿದು, ಎಕ್ಸಾಸ್ಟ್ ಪೋರ್ಟಿಗೆ ರಬ್ಬರ್ ಬಿರಡೆ ಹಾಕಿ, ಪಿಸ್ಟನ್ನನ್ನು ತೀರಾ ಕೆಳಗೆ ಇಳಿಸಿ, ಪ್ಲಗ್ಗಿನ ತೂತಿನಿಂದ 0.4 ಬಾರ್‌ವರೆಗೆ ಗಾಳಿ ತುಂಬಿದೆವು. ಐದು ನಿಮಿಷ ಮುಳ್ಳು ಹೆಚ್ಚುಕಡಿಮೆ ಅಲ್ಲಾಡಲೇ ಇಲ್ಲ. ಎಲ್ಲ ಕಡೆ ಸೋಪಿನ ನೀರು ಹಚ್ಚಿದರೂ ಗುಳ್ಳೆ ಏಳಲಿಲ್ಲ. ಹಾಗಾದರೆ ಸೀಲ್ ಸರಿಯಿದೆ ಎಂದಾಯಿತಲ್ಲವೇ?

ಜೆಟ್ಟಿನ ಸಂಖ್ಯೆ ಕೈಪಿಡಿಯಲ್ಲಿರುವುದಕ್ಕಿಂತ ಎರಡು ಸೈಜ್ ದೊಡ್ಡದಿದೆ. ನನಗಿಂತ ಮೊದಲು ಈ ಗಾಡಿ ಯಾರ ಬಳಿ ಇತ್ತೋ ಅವರು ಹಾಕಿರಬೇಕು.

ಜೆಟ್‌ಪ್ರಿಯ

ನೋಡಿದಿರಾ, ಸೀಲ್ ಸರಿಯಿದೆ.

ಬೋರ್‌ಗೇಜ್

ಇನ್ನೂ ತೀರ್ಮಾನವಾಗಿಲ್ಲ. ಎರಡು ಸೈಜ್ ದೊಡ್ಡ ಜೆಟ್ ಇದ್ದೂ ಪ್ಲಗ್ ಬಿಳಿಯಾಗಿದೆ ಎಂದರೆ ನನ್ನ ಅನುಮಾನ ಇನ್ನೂ ಬಲವಾಗುತ್ತದೆ. ಹಿಂದಿನವರೂ ಇದೇ ತೊಂದರೆಗೆ ಜೆಟ್ಟಿನಿಂದ ತೇಪೆ ಹಾಕಿದ್ದಾರೆ.

ಆಯಿಲ್ ಸೀಲನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಅದರ ರಬ್ಬರ್ ತುಟಿ ಕ್ರ್ಯಾಂಕ್‌ಕೇಸಿನ ಕಡೆಗೆ ಮುಖ ಮಾಡಿರುತ್ತದೆ. ಒಳಗೆ ಒತ್ತಡವಿದ್ದಾಗ ಆ ಒತ್ತಡವೇ ತುಟಿಯನ್ನು ಶಾಫ್ಟಿಗೆ ಒತ್ತಿ ಹಿಡಿಯುತ್ತದೆ, ಹಾಗಾಗಿ ಗಟ್ಟಿಯಾಗಿ ಒಣಗಿದ ಸೀಲ್ ಕೂಡ ಒತ್ತಡ ಪರೀಕ್ಷೆಯಲ್ಲಿ ಪಾಸಾಗಬಹುದು. ಒಳಗೆ ನಿರ್ವಾತವಿದ್ದಾಗ ಹೊರಗಿನ ಗಾಳಿ ಅದೇ ತುಟಿಯನ್ನು ಶಾಫ್ಟಿನಿಂದ ಎತ್ತಲು ನೋಡುತ್ತದೆ. ಎಂಜಿನ್ ಗಾಳಿಯನ್ನು ಕದಿಯುವುದು ಆ ಗಳಿಗೆಯಲ್ಲಿ. ಅದೇ ಜೋಡಣೆಯನ್ನು ಉಳಿಸಿಕೊಂಡು ಈ ಬಾರಿ ಗಾಳಿ ತುಂಬುವ ಬದಲು ಕೈಪಂಪಿನಿಂದ ಗಾಳಿ ಎಳೆದು ಪರೀಕ್ಷಿಸಿ. ಸೋಪಿನ ನೀರು ಆಗ ಕೆಲಸಕ್ಕೆ ಬಾರದು. ಮ್ಯಾಗ್ನೆಟ್ ಚಕ್ರ ಕಳಚಿ, ಸೀಲಿನ ಸುತ್ತ ಮಂದವಾದ ಆಯಿಲ್ ಸವರಿ, ಮುಳ್ಳು ಬೀಳುವ ವೇಗ ಕಡಿಮೆಯಾಗುತ್ತದೆಯೇ ಎಂದು ನೋಡಿ. ಚಕ್ರವನ್ನು ಅದಕ್ಕೆಂದೇ ಇರುವ ಪುಲ್ಲರಿನಿಂದಲೇ ಕಳಚಿ. ಅಂಚಿಗೆ ಕೊಕ್ಕೆ ಹಾಕಿ ಎಳೆದರೆ ಅಥವಾ ಸುತ್ತಿಗೆಯಿಂದ ಬಡಿದರೆ ಚಕ್ರವೂ ಕ್ರ್ಯಾಂಕೂ ಎರಡೂ ಕೆಡುತ್ತವೆ.

ಹಳೆಯಪುಟ

ಅವರು ಪರೀಕ್ಷೆ ಮುಗಿಸಿ ಬರುವವರೆಗೆ ಎರಡನೆಯ ಪ್ರಶ್ನೆಯನ್ನು ಎತ್ತಿಕೊಳ್ಳೋಣ, ಅದನ್ನು ಎಲ್ಲರೂ ಮರೆತಂತಿದೆ.

ಟೂ ಸ್ಟ್ರೋಕ್ ಹೋದದ್ದು ಕಣ್ಣಿಗೆ ಕಾಣುವ ಹೊಗೆಯಿಂದ ಎಂಬುದು ಅರ್ಧ ಸತ್ಯ. ಹೊಗೆ ಆಯಿಲಿನದು, ಒಳ್ಳೆಯ ಆಯಿಲ್ ಮತ್ತು ಪಂಪಿನಿಂದ ಅದನ್ನು ಬಹಳಷ್ಟು ತಗ್ಗಿಸಬಹುದಿತ್ತು, ತಗ್ಗಿಸಿದ್ದರು ಕೂಡ. ನಿಜವಾದ ಕಾರಣ ಕಣ್ಣಿಗೆ ಕಾಣದ, ಸುಡದೆಯೇ ಹೊರಹೋಗುವ ಪೆಟ್ರೋಲ್. ಪಿಸ್ಟನ್ ಕೆಳಗಿರುವಾಗ ಹೊಸ ಮಿಶ್ರಣ ಒಳಬರುವ ಪೋರ್ಟುಗಳೂ ಸುಟ್ಟ ಹೊಗೆ ಹೊರಹೋಗುವ ಪೋರ್ಟೂ ಒಟ್ಟಿಗೇ ತೆರೆದಿರುತ್ತವೆ. ಹಳೆಯದನ್ನು ತಳ್ಳುತ್ತಾ ಬರುವ ಹೊಸ ಮಿಶ್ರಣದ ಒಂದು ಪಾಲು ಅದರ ಹಿಂದೆಯೇ ಸೈಲೆನ್ಸರಿಗೆ ಹೋಗಿಬಿಡುತ್ತದೆ. ಸಾಮಾನ್ಯ ಕಾರ್ಬ್ಯುರೇಟರ್ ಎಂಜಿನ್ನಿನಲ್ಲಿ ಪೆಟ್ರೋಲಿನ ಐದರಲ್ಲೊಂದು ಪಾಲು ಹೀಗೆ ವ್ಯರ್ಥವಾಗುವುದು ಅಸಾಧಾರಣವೇನಲ್ಲ.

ಇದನ್ನು ತಡೆಯಲು ಬುದ್ಧಿವಂತರು ಪ್ರಯತ್ನಿಸದೆ ಇರಲಿಲ್ಲ. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಪಳಗಿಸಿದ ಉಬ್ಬು ಹೊಟ್ಟೆಯ ಎಕ್ಸಾಸ್ಟ್ ಕೊಳವೆ, ಹೊರಹೋದ ಒತ್ತಡದ ಅಲೆಯನ್ನೇ ಹಿಂದಕ್ಕೆ ತಿರುಗಿಸಿ ತಪ್ಪಿಸಿಕೊಂಡ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಆದರೆ ಅಲೆ ಸರಿಯಾದ ಗಳಿಗೆಗೆ ಹಿಂತಿರುಗುವುದು ಎಂಜಿನ್ ವೇಗದ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ. ರೇಸಿಗೆ ಅದು ಸಾಕು, ನಿಂತು ನಿಂತು ಚಲಿಸುವ ರಸ್ತೆಗೆ ಸಾಲದು.

ನೀಲಿಹೊಗೆ

ಹಾಗಿದ್ದರೆ ಕಾರುಗಳಿಗೆ ಹಾಕಿದಂತೆ ಕ್ಯಾಟಲಿಟಿಕ್ ಕನ್ವರ್ಟರ್ ಹಾಕಿದ್ದರೆ ಮುಗಿಯುತ್ತಿತ್ತಲ್ಲ? ರೇಸಿನಲ್ಲೂ ಟೂ ಸ್ಟ್ರೋಕನ್ನು ತೆಗೆದುಹಾಕಿದರು. ಇದು ಪೂರ್ತಿ ದೊಡ್ಡ ಕಂಪನಿಗಳ ಪಿತೂರಿ ಎಂದೇ ನನ್ನ ನಂಬಿಕೆ.

ಹಳೆಯಪುಟ

ಕನ್ವರ್ಟರ್ ಹಾಕಿದ ಟೂ ಸ್ಟ್ರೋಕ್ ಗಾಡಿಗಳು ಬಂದಿದ್ದವು. ಆದರೆ ಸುಡದ ಪೆಟ್ರೋಲ್ ಅಷ್ಟು ಪ್ರಮಾಣದಲ್ಲಿ ಬಂದು ಕನ್ವರ್ಟರಿನೊಳಗೆ ಉರಿಯತೊಡಗಿದರೆ ಅದು ವಿಪರೀತ ಕಾಯುತ್ತದೆ, ಆಯಿಲಿನ ಶೇಷ ಅದರ ಮೇಲೆ ಕೂತು ಕೆಲಸವನ್ನೂ ಕೆಡಿಸುತ್ತದೆ. ಸರಿಯಾದ ಉತ್ತರ ಎಂದರೆ ಸಿಲಿಂಡರಿಗೆ ಮೊದಲು ಬರೀ ಗಾಳಿಯನ್ನು ಬಿಟ್ಟು, ಎಕ್ಸಾಸ್ಟ್ ಪೋರ್ಟ್ ಮುಚ್ಚುವ ಹೊತ್ತಿಗೆ ಪೆಟ್ರೋಲನ್ನು ನೇರವಾಗಿ ಸಿಂಪಡಿಸುವುದು. ದೋಣಿಗಳ ಎಂಜಿನ್ನುಗಳಲ್ಲಿ, ಕೆಲವು ಸ್ಕೂಟರುಗಳಲ್ಲಿ ಅದನ್ನು ಮಾಡಿ ತೋರಿಸಿದರು. ಆದರೆ ಅಷ್ಟೆಲ್ಲ ಯಂತ್ರಾಂಗ ಸೇರಿಸಿದ ಮೇಲೆ ಅಗ್ಗ, ಹಗುರ, ಸರಳ ಎಂಬ ಟೂ ಸ್ಟ್ರೋಕಿನ ಮೂರು ಗುಣಗಳೂ ಕರಗುತ್ತವೆ. ಚಿಕ್ಕ ಫೋರ್ ಸ್ಟ್ರೋಕ್ ಎಂಜಿನ್ ಅದೇ ಕೆಲಸವನ್ನು ಕಡಿಮೆ ಗೋಜಲಿನಲ್ಲಿ ಮಾಡುವಾಗ ಕಂಪನಿಗಳಿಗೆ ಪಿತೂರಿಯ ಅಗತ್ಯವೇ ಇರಲಿಲ್ಲ.

ರೇಸಿನ ವಿಷಯದಲ್ಲಿ ನಿಮ್ಮ ಮಾತನ್ನು ಸ್ವಲ್ಪ ಒಪ್ಪುತ್ತೇನೆ. 2002ರಲ್ಲಿ ಮೋಟೋಜಿಪಿ ರೇಸಿನಲ್ಲಿ 500 ಸಿಸಿ ಟೂ ಸ್ಟ್ರೋಕಿನ ಎದುರು 990 ಸಿಸಿಯ ಫೋರ್ ಸ್ಟ್ರೋಕಿಗೆ ಅವಕಾಶ ಕೊಟ್ಟದ್ದು ಸಮಬಲದ ಪಂದ್ಯವಾಗಿರಲಿಲ್ಲ.

ಗರಗಸ

ಮಾಯವಾಯಿತು ಎಂದು ಯಾರು ಹೇಳಿದರು? ಮರ ಕೊಯ್ಯುವ ನನ್ನ ಯಂತ್ರ ಇಂದಿಗೂ 1:50ರ ಮಿಶ್ರಣದಲ್ಲೇ ಓಡುತ್ತದೆ. ಹಾಗೆಯೇ ದೊಡ್ಡ ಸರಕು ಹಡಗುಗಳ ಎಂಜಿನ್ ಕೂಡ ಟೂ ಸ್ಟ್ರೋಕೇ.

ಹಳೆಯಪುಟ

ಹಡಗಿನದು ಹೆಸರಿಗಷ್ಟೇ ನೆಂಟ. ಅದು ಡೀಸೆಲ್, ಸಿಲಿಂಡರಿಗೆ ಬರುವುದು ಬರೀ ಗಾಳಿ, ಆದ್ದರಿಂದ ತಪ್ಪಿಸಿಕೊಂಡು ಹೋಗಲು ಅದರಲ್ಲಿ ಇಂಧನವೇ ಇರುವುದಿಲ್ಲ. ಗರಗಸದ ಮಾತು ಸರಿ. ಯಾವ ಕೋನದಲ್ಲಿ ಹಿಡಿದರೂ ಆಯಿಲ್ ಸಿಗಬೇಕಾದ ಯಂತ್ರಕ್ಕೆ ಮಿಶ್ರಣ ಇಂದಿಗೂ ಅನುಕೂಲವೇ.

ಮೂರನೇಗೇರು

ನಿರ್ವಾತದ ಪರೀಕ್ಷೆ ಮಾಡಿದೆವು. ಒತ್ತಡದಲ್ಲಿ ಅಲ್ಲಾಡದೆ ನಿಂತಿದ್ದ ಮುಳ್ಳು ಈ ಬಾರಿ ಅರ್ಧ ನಿಮಿಷದೊಳಗೆ ಸೊನ್ನೆಗೆ ಬಂತು. ಮ್ಯಾಗ್ನೆಟ್ ಕಡೆಯ ಸೀಲಿನ ಸುತ್ತ ಗೇರ್ ಆಯಿಲ್ ಸವರಿದಾಗ ಮುಳ್ಳು ನಿಧಾನವಾಯಿತು, ಸವರಿದ ಆಯಿಲ್ ಕಣ್ಣೆದುರೇ ತುಟಿಯ ಕೆಳಗೆ ಸರಿದುಹೋಯಿತು. ಸೀಲನ್ನು ಕಿತ್ತು ನೋಡಿದರೆ ತುಟಿ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿದೆ. ಶಾಫ್ಟಿನ ಮೇಲೆ ಅದು ಉಜ್ಜಿದ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಗೆರೆಯೂ ಬಿದ್ದಿದೆ. ಹೊಸ ಸೀಲ್ ತಂದಿದ್ದೇನೆ. ಈ ಗೆರೆಗೆ ಏನು ಮಾಡಬೇಕು? ಕ್ರ್ಯಾಂಕನ್ನೇ ಬಿಚ್ಚಬೇಕೇ?

ಬೋರ್‌ಗೇಜ್

ಅಷ್ಟಕ್ಕೇ ಕ್ರ್ಯಾಂಕ್ ಬಿಚ್ಚಬೇಡಿ. ಹೊಸ ಸೀಲನ್ನು ಹಳೆಯದು ಕೂತಿದ್ದ ಆಳಕ್ಕಿಂತ ಸುಮಾರು ಒಂದು ಮಿ.ಮೀ. ಹೊರಗೆ ಕೂರಿಸಿದರೆ ಅದರ ತುಟಿ ಗೆರೆಯಿಲ್ಲದ ನಯವಾದ ಲೋಹದ ಮೇಲೆ ನಿಲ್ಲುತ್ತದೆ. ಒಳಕ್ಕೆ ಹೆಚ್ಚು ಒತ್ತಬೇಡಿ. ಹಲವು ಎಂಜಿನ್ನುಗಳಲ್ಲಿ ಸೀಲಿನ ಹಿಂದೆ ಬೇರಿಂಗಿಗೆ ಆಯಿಲ್ ಹೋಗುವ ಸಣ್ಣ ತೂತು ಇರುತ್ತದೆ, ಸೀಲ್ ಅದನ್ನು ಮುಚ್ಚಿದರೆ ಬೇರಿಂಗ್ ಒಣಗಿ ಸಾಯುತ್ತದೆ. ಶಾಫ್ಟಿನ ಕೀ ಇರುವ ಸೀಳಿನ ಅಂಚು ಹೊಸ ತುಟಿಯನ್ನು ಕತ್ತರಿಸದಂತೆ ಅದರ ಮೇಲೆ ತೆಳುವಾದ ಟೇಪ್ ಸುತ್ತಿ, ತುಟಿಗೆ ಟೂ ಸ್ಟ್ರೋಕ್ ಆಯಿಲ್ ಹಚ್ಚಿ ಜಾರಿಸಿ. ಸಿಕ್ಕರೆ ವಿಟಾನ್ ರಬ್ಬರಿನ ಸೀಲನ್ನೇ ಆರಿಸಿ, ಬಿಸಿಯನ್ನೂ ಎಥನಾಲ್ ಬೆರೆತ ಪೆಟ್ರೋಲನ್ನೂ ಅದು ಹೆಚ್ಚು ತಡೆಯುತ್ತದೆ. ಕೈ ಹಾಕಿದ ಮೇಲೆ ಗೇರ್‌ಬಾಕ್ಸ್ ಕಡೆಯದನ್ನೂ ಬದಲಿಸಿಬಿಡಿ, ಎರಡರ ವಯಸ್ಸೂ ಒಂದೇ.

ಮೂರನೇಗೇರು

ಎರಡೂ ಸೀಲ್ ಬದಲಿಸಿ ಮತ್ತೆ ಪರೀಕ್ಷಿಸಿದೆ, ನಿರ್ವಾತ ನಿಂತಿತು. ಈಗ ಆಕ್ಸಿಲರೇಟರ್ ಬಿಟ್ಟೊಡನೆ ವೇಗ ಇಳಿಯುತ್ತದೆ. ಆದರೆ ಹೊಸದೊಂದು ತಕರಾರು ಶುರುವಾಗಿದೆ: ಪೂರ್ತಿ ತಿರುವಿದಾಗ ಎಂಜಿನ್ ಬುರುಬುರು ಎಂದು ಒಂದು ಬಿಟ್ಟು ಒಂದು ಸುತ್ತಿಗೆ ಸಿಡಿದಂತೆ ತಡವರಿಸುತ್ತದೆ, ಪ್ಲಗ್ ಮಸಿ ಹಿಡಿದಿದೆ.

ಬೋರ್‌ಗೇಜ್

ಅದು ಪೆಟ್ರೋಲ್ ಹೆಚ್ಚಾದ ಸದ್ದು. ಕಳ್ಳಗಾಳಿ ನಿಂತಿತು, ಅದಕ್ಕೆಂದು ಹಾಕಿದ್ದ ದೊಡ್ಡ ಜೆಟ್ ಉಳಿಯಿತು. ಕೈಪಿಡಿಯ ಸೈಜಿಗೆ ಹಿಂತಿರುಗಿ, ನೀಡಲ್ ಕ್ಲಿಪ್ಪನ್ನೂ ಯಾರಾದರೂ ಬದಲಿಸಿದ್ದಾರೆಯೇ ನೋಡಿ.

ಜೆಟ್‌ಪ್ರಿಯ

ಒಂದು ಆಕ್ಷೇಪವಿದೆ. ಆ ಕೈಪಿಡಿ ಬರೆದ ಕಾಲದ ಪೆಟ್ರೋಲಿನಲ್ಲಿ ಎಥನಾಲ್ ಇರಲಿಲ್ಲ. ಎಥನಾಲಿಗೆ ಉರಿಯಲು ಬೇಕಾಗುವ ಗಾಳಿ ಕಡಿಮೆ, ಆದ್ದರಿಂದ ಅದು ಬೆರೆತ ಪೆಟ್ರೋಲನ್ನು ಅದೇ ಜೆಟ್ಟಿನಿಂದ ಕೊಟ್ಟರೆ ಎಂಜಿನ್ನಿಗೆ ಇಂಧನ ಕಡಿಮೆಯೇ ಸಿಕ್ಕಂತೆ. ಎರಡು ಸೈಜ್ ಬೇಡ, ಒಂದು ಸೈಜ್ ದೊಡ್ಡದಿರಲಿ ಎಂದು ನಾನು ಹೇಳಿದರೆ ತಪ್ಪೇ?

ಬೋರ್‌ಗೇಜ್

ತಪ್ಪಲ್ಲ. ನೂರಕ್ಕೆ 20 ಪಾಲು ಎಥನಾಲ್ ಇದ್ದರೆ ಆ ಕೊರತೆ ನೂರಕ್ಕೆ ಏಳೆಂಟರಷ್ಟು ಆಗುತ್ತದೆ, ಅದು ಕಡೆಗಣಿಸುವಂಥದ್ದಲ್ಲ. ಸೀಲ್ ಗಟ್ಟಿಯಿದೆ ಎಂದು ಖಚಿತವಾದ ಮೇಲೆ ಪ್ಲಗ್ ನೋಡಿಕೊಂಡು ಒಂದು ಸೈಜ್ ಏರಿಸುವುದಕ್ಕೆ ನನ್ನ ವಿರೋಧವಿಲ್ಲ. ಮೊದಲು ಕೈಪಿಡಿಯ ಸೈಜಿನಿಂದ ಶುರುಮಾಡಲಿ.

ಎಥನಾಲಿನ ಇನ್ನೊಂದು ಕಾಟ ಮಿಶ್ರಣಕ್ಕೇ ಸೇರಿದ್ದು. ಅದು ತೇವವನ್ನು ಹೀರುತ್ತದೆ. ಹೆಚ್ಚು ಕಾಲ ನಿಂತ ಟ್ಯಾಂಕಿನಲ್ಲಿ ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ತಳಕ್ಕೆ ಇಳಿಯುತ್ತವೆ, ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಕಾರ್ಬ್ಯುರೇಟರಿಗೆ ಮೊದಲು ಹೋಗುವುದು ತಳದ ಪದರ, ಅದರಲ್ಲಿ ಆಯಿಲ್ ಇಲ್ಲ. ಆದ್ದರಿಂದ ಬೇಕಾದಷ್ಟೇ ಬೆರೆಸಿ, ಗಾಡಿ ನಿಲ್ಲಿಸುವುದಿದ್ದರೆ ಟ್ಯಾಂಕನ್ನೂ ಕಾರ್ಬ್ಯುರೇಟರಿನ ಬಟ್ಟಲನ್ನೂ ಖಾಲಿ ಮಾಡಿ.

ಇಳಿಜಾರು

ಬೆರೆಸುವ ಗಾಡಿಯಲ್ಲಿ ದೊಡ್ಡ ಇಳಿಜಾರನ್ನು ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯಬಾರದು ಎಂದು ಹಿರಿಯರು ಹೇಳುತ್ತಿದ್ದರು. ಅದು ನಿಜವೇ?

ಹಳೆಯಪುಟ

ಭಯಕ್ಕೆ ಆಧಾರವಿದೆ. ಪೆಟ್ರೋಲ್ ಬರದಿದ್ದರೆ ಆಯಿಲ್ಲೂ ಬರುವುದಿಲ್ಲ, ಆದರೆ ಪಿಸ್ಟನ್ ಮಾತ್ರ ವೇಗವಾಗಿ ಓಡುತ್ತಲೇ ಇರುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿದ್ದ ಸಾಬ್ ಕಾರುಗಳಲ್ಲಿ ಫ್ರೀವ್ಹೀಲ್ ಇಟ್ಟಿದ್ದರು, ಟ್ರಾಬಂಟ್ ಕಾರಿನ ನಾಲ್ಕನೇ ಗೇರಿನಲ್ಲೂ ಅದು ಇತ್ತು. ಆಕ್ಸಿಲರೇಟರ್ ಬಿಟ್ಟರೆ ಚಕ್ರಗಳು ಎಂಜಿನ್ನನ್ನು ಎಳೆಯುವುದಿಲ್ಲ. ನಿಮ್ಮ ಬೈಕಿನಲ್ಲಿ ಆಗಾಗ ಆಕ್ಸಿಲರೇಟರನ್ನು ಸ್ವಲ್ಪ ತಿರುವಿದರೆ ಸಾಕು.

ಬೋರ್‌ಗೇಜ್

ಗೋಡೆಗೆ ಅಂಟಿದ ಆಯಿಲ್ ಪದರ ಅಷ್ಟು ಬೇಗ ಹೋಗುವುದಿಲ್ಲ ಎಂದು ನನ್ನ ಅಭಿಪ್ರಾಯ. ಇಳಿಜಾರಿನಲ್ಲಿ ಹಿಡಿದುಕೊಂಡ ಎಂಜಿನ್ನುಗಳಲ್ಲಿ ಬಹಳಷ್ಟಕ್ಕೆ ಇಂಥ ಕಳ್ಳಗಾಳಿಯೇ ಕಾರಣವಿರಬೇಕು.

ಹಳೆಯಪುಟ

ಹಾಗಾದರೆ ಫ್ರೀವ್ಹೀಲ್ ಇಟ್ಟವರೆಲ್ಲ ದಡ್ಡರೇ? ಇದನ್ನು ನಾನು ಒಪ್ಪುವುದಿಲ್ಲ.

ಮೂರನೇಗೇರು

ಕೈಪಿಡಿಯ ಜೆಟ್ ಹಾಕಿದೆ, ತಡವರಿಕೆ ಹೋಯಿತು. ಪ್ಲಗ್ ತಿಳಿ ಕಂದು. ಇನ್ನೊಂದೇ ಪ್ರಶ್ನೆ ಉಳಿದಿದೆ. ಈಗ ಸಿಗುವ ಆಯಿಲ್ ಡಬ್ಬಿಯ ಮೇಲೆ ಜಾಸೋ ಎಫ್‌ಡಿ ಎಂಬ ಗುಣಮಟ್ಟದ ಗುರುತಿದೆ, 1:40 ಸಾಕು ಎಂದೂ ಬರೆದಿದೆ. ಕೈಪಿಡಿಯ 1:25 ಬಿಡಬಹುದೇ?

ನೀಲಿಹೊಗೆ

ಬಿಡಬೇಡಿ.

ಗರಗಸ

ಧಾರಾಳವಾಗಿ ಬಿಡಿ. 1:25 ಬರೆದ ಕಾಲದಲ್ಲಿ ಜನ ಸಾಮಾನ್ಯ ಎಂಜಿನ್ ಆಯಿಲನ್ನೇ ಬೆರೆಸುತ್ತಿದ್ದರು.

ಬೋರ್‌ಗೇಜ್

ಪಿಸ್ಟನ್ ಪಿನ್ನಿನ ಬಳಿ ನಿಮ್ಮ ಎಂಜಿನ್ನಿನಲ್ಲಿ ಕಂಚಿನ ಬುಷ್ ಇದೆಯೇ, ಸೂಜಿ ಬೇರಿಂಗ್ ಇದೆಯೇ? ಬುಷ್ ಇದ್ದರೆ 1:25ರಲ್ಲೇ ಇರಿ, ಅದಕ್ಕೆ ಆಯಿಲ್ ಹೆಚ್ಚು ಬೇಕು. ಸೂಜಿ ಬೇರಿಂಗ್ ಇದ್ದರೆ ಒಳ್ಳೆಯ ಆಯಿಲಿನಲ್ಲಿ 1:32ಕ್ಕೆ, ಅಂದರೆ ಲೀಟರಿಗೆ 31 ಮಿ.ಲೀ.ಗೆ ಇಳಿಯಬಹುದು. ನನ್ನ ಗಾಡಿಯಾಗಿದ್ದರೆ 1:40ಕ್ಕೆ ಇಳಿಸುತ್ತಿರಲಿಲ್ಲ. ಆಯಿಲ್ ಕಡಿಮೆ ಮಾಡಿದರೆ ಪೆಟ್ರೋಲಿನ ಪಾಲು ತುಸು ಏರುತ್ತದೆ, ಆದ್ದರಿಂದ ಪ್ರಮಾಣ ಬದಲಿಸಿದ ಮೇಲೆ ಪ್ಲಗ್ ಮತ್ತೊಮ್ಮೆ ನೋಡಿ.

ಮೂರನೇಗೇರು

ಕಂಚಿನ ಬುಷ್. 1:25ರಲ್ಲೇ ಇರುತ್ತೇನೆ.

ಗರಗಸ

ಸೈಲೆನ್ಸರ್ ಆರು ತಿಂಗಳಿಗೇ ಮಸಿ ಕಟ್ಟುತ್ತದೆ ನೋಡಿ.

ಬೋರ್‌ಗೇಜ್

ಕಟ್ಟಿದರೆ ಬಿಚ್ಚಿ ಕೆರೆಯಲಿ. ಎಕ್ಸಾಸ್ಟ್ ಪೋರ್ಟ್ ಕೆರೆಯುವಾಗ ಪಿಸ್ಟನ್ನಿನಿಂದ ಪೋರ್ಟ್ ಮುಚ್ಚಿರಲಿ, ಇಲ್ಲದಿದ್ದರೆ ಮಸಿಯೆಲ್ಲ ಸಿಲಿಂಡರಿಗೆ ಬೀಳುತ್ತದೆ. ಕಬ್ಬಿಣದ ಬದಲು ಗಟ್ಟಿ ಮರದ ಚೂರು ಬಳಸಿ.